ಲೆಡ್ ಆಸಿಡ್ ಹದಿನೆಂಟೇ ತಿಂಗಳಿಗೆ ಕೈಕೊಟ್ಟಿತು, ಲಿಥಿಯಂ ಹಾಕಿದರೆ ಬಾಳುತ್ತಾ?

ಪ್ರಶ್ನೆ: "ಊರಿಂದ ದೂರ, ಗುಡ್ಡದ ಮೇಲೆ ನಮ್ಮದೊಂದು ಮೊಬೈಲ್ ಟವರ್ ಇದೆ. 48 ವೋಲ್ಟ್ ಸಿಸ್ಟಮ್, ಲೋಡ್ ಸುಮಾರು 30 ಆಂಪಿಯರ್. ದಿನಾ ಬೆಳಗ್ಗೆ 10ರಿಂದ ಸಂಜೆ 4ರ ತನಕ ಕರೆಂಟ್ ಇರಲ್ಲ, ಮತ್ತೆ ರಾತ್ರಿ 10ರಿಂದ 2ರ ತನಕ ಇರಲ್ಲ. 600 ಎಎಚ್, ಅಂದರೆ ಆಂಪಿಯರ್ ಅವರ್, ಸೀಲ್ಡ್ ಲೆಡ್ ಆಸಿಡ್ ಬ್ಯಾಟರಿ ಬ್ಯಾಂಕ್ ಹಾಕಿದ್ದೆವು, 10 ವರ್ಷ ಬರುತ್ತೆ ಅಂದಿದ್ದರು. 18 ತಿಂಗಳಿಗೇ 2 ಗಂಟೆ ಕೂಡ ತಡೆಯುತ್ತಿಲ್ಲ. ಮಧ್ಯಾಹ್ನ ಕ್ಯಾಬಿನೆಟ್ ಒಳಗೆ 47 ಡಿಗ್ರಿ, ರಾತ್ರಿ 30ರ ಹತ್ತಿರ. ಕರೆಂಟನ್ನ ಡಿಸಿ ಮಾಡಿ ಬ್ಯಾಟರಿ ತುಂಬುವ ರೆಕ್ಟಿಫೈಯರ್‌ನಲ್ಲಿ 2 ಕಿಲೋವ್ಯಾಟ್‌ನ ಎರಡು ಮಾಡ್ಯೂಲ್ ಇವೆ. ಮಾರುವವರು, 200 ಎಎಚ್ ಲಿಥಿಯಂ ಸಾಕು, ಅದಕ್ಕೆ ಬಿಸಿ ಲೆಕ್ಕಕ್ಕೇ ಇಲ್ಲ ಅನ್ನುತ್ತಿದ್ದಾರೆ. ನಂಬಬಹುದಾ?"

ಉತ್ತರ: ಅರ್ಧ ನಂಬಿ. ನಿಮ್ಮ ಸೈಟಿಗೆ ಲಿಥಿಯಂ ಸರಿಹೊಂದುತ್ತದೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ 200 ಎಎಚ್ ಸಾಲದು. ಬಿಸಿ ಲೆಕ್ಕಕ್ಕಿಲ್ಲ ಅನ್ನೋದು ಶುದ್ಧ ಸುಳ್ಳು. ಆ ಮಾತು ನಂಬಿ ಈಗಿರುವ ಕ್ಯಾಬಿನೆಟ್‌ಗೇ ತೂರಿಸಿದರೆ ಇನ್ನೊಂದು ಪತ್ರ ನೀವು ನನಗೆ ಬರೆಯಬೇಕಾಗುತ್ತದೆ.

ಮೊದಲು ಹಳೇ ಬ್ಯಾಂಕ್ ಯಾಕೆ ಸತ್ತಿತು ಅಂತ ನೋಡೋಣ. ಅದು ಗೊತ್ತಾಗದೆ ಹೊಸದು ಕೊಂಡರೆ ಹಳೇ ಕಾಯಿಲೆಯನ್ನೇ ಹೊಸ ಮೈಗೆ ಅಂಟಿಸಿದ ಹಾಗೆ.

10 ವರ್ಷ ಅಂದವರು ಸುಳ್ಳು ಹೇಳಿಲ್ಲ, ಪೂರ್ತಿ ಹೇಳಿಲ್ಲ ಅಷ್ಟೆ. ಆ ಆಯಸ್ಸು 20-25 ಡಿಗ್ರಿಯಲ್ಲಿ, ಅದೂ ಕರೆಂಟ್ ಅಪರೂಪಕ್ಕೆ ಹೋಗುವ ಜಾಗದಲ್ಲಿ, ಬ್ಯಾಟರಿ ಸುಮ್ನೆ, ತುಂಬಿದ್ದನ್ನ ತುಂಬಿದ ಹಾಗೇ ಇಡುವ ಫ್ಲೋಟ್ ಚಾರ್ಜ್‌ನಲ್ಲಿ ಕೂತಿದ್ದರೆ. ಲೆಡ್ ಆಸಿಡ್‌ಗೆ ನಾವು ಹಿಡಿಯುವ ಲೆಕ್ಕ ಏನೆಂದರೆ, ಸರಾಸರಿ ಬಿಸಿ 8-10 ಡಿಗ್ರಿ ಏರಿದಾಗಲೆಲ್ಲ ಆಯಸ್ಸು ಹೆಚ್ಚುಕಮ್ಮಿ ಅರ್ಧ. ನಿಮ್ಮಲ್ಲಿ ಸರಾಸರಿ 37-38 ಅಂತ ಇಟ್ಟುಕೊಳ್ಳಿ. ಅಲ್ಲಿಗೇ 10 ವರ್ಷದ್ದು 4 ವರ್ಷದ ಆಸುಪಾಸಿಗೆ ಬಂತು. ಬಿಸಿ ಮಾಡುವ ಕೆಲಸ ಎರಡು. ಪಾಸಿಟಿವ್ ಪ್ಲೇಟಿನ ಸೀಸದ ಜಾಲರಿಯನ್ನ ಬೇಗ ತುಕ್ಕು ತಿನ್ನುತ್ತದೆ, ತುಕ್ಕು ಹಿಡಿದಂತೆ ಅದು ಬೆಳೆಯುತ್ತದೆ ಕೂಡ. ಟರ್ಮಿನಲ್ ಮೇಲಕ್ಕೆ ಎದ್ದಿರೋದು, ಡಬ್ಬಿಯ ಪಕ್ಕ ಉಬ್ಬಿರೋದು ಕಂಡರೆ ಅನುಮಾನವೇ ಬೇಡ. ಇನ್ನೊಂದು, ಒಳಗಿನ ನೀರು ನಿಧಾನಕ್ಕೆ ಗ್ಯಾಸ್ ಆಗಿ ವಾಲ್ವ್‌ನಿಂದ ಹೊರಗೆ ಹೋಗುತ್ತದೆ. ಸೀಲ್ಡ್ ಬ್ಯಾಟರಿಗೆ ನೀರು ಹಾಕಲು ದಾರಿ ಇಲ್ಲ, ಹೋದದ್ದು ಹೋಯಿತು.

ಆದರೆ ನಿಮ್ಮದು 4 ವರ್ಷ ಕೂಡ ಬರಲಿಲ್ಲ, ಅಲ್ವಾ? ಅದಕ್ಕೆ ಕಾರಣ ಕರೆಂಟಿನ ವೇಳಾಪಟ್ಟಿ. ದಿನಕ್ಕೆ ಒಟ್ಟು 10 ಗಂಟೆ, 30 ಆಂಪಿಯರ್, ಅಂದರೆ 300 ಎಎಚ್. 600ರ ಬ್ಯಾಂಕಿನಿಂದ ದಿನಾ ಅರ್ಧದಷ್ಟು ತೆಗೆದು ಮತ್ತೆ ತುಂಬುತ್ತಿದ್ದೀರಿ. ಫ್ಲೋಟ್‌ಗೆ ಅಂತ ಮಾಡಿದ ಬ್ಯಾಟರಿಯನ್ನು ದಿನಗೂಲಿಗೆ ಹಚ್ಚಿದ ಹಾಗೆ. ಅದನ್ನಾದರೂ ತಡೆದುಕೊಳ್ಳುತ್ತಿತ್ತೋ ಏನೋ, ಪೂರ್ತಿ ತುಂಬಿದ್ದರೆ. ಅದು ತುಂಬಲೇ ಇಲ್ಲ.

ಈ ಒಂದು ವಿಷಯ ನಿಮ್ಮ ಪತ್ರದಲ್ಲಿ ಇಲ್ಲ, ಆದರೆ ನನ್ನ ಪ್ರಕಾರ ಇಡೀ ಕಥೆ ಇದೇ. ಲೆಡ್ ಆಸಿಡ್ ಮೊದಲು ಗಬಗಬ ಕುಡಿಯುತ್ತದೆ, 80 ಶೇಕಡಾ ದಾಟಿದ ಮೇಲೆ ಗುಟುಕು ಗುಟುಕಾಗಿ. ಕೊನೇ 15-20 ಶೇಕಡಾಕ್ಕೆ ಹಲವು ಗಂಟೆ ಬೇಕು, ರೆಕ್ಟಿಫೈಯರ್ ಎಷ್ಟೇ ದೊಡ್ಡದಿದ್ದರೂ. ಜೊತೆಗೆ ತೆಗೆದದ್ದಕ್ಕಿಂತ ಹತ್ತು ಹದಿನೈದು ಶೇಕಡಾ ಜಾಸ್ತಿ ವಾಪಸ್ ಕೊಡಬೇಕು. ನಿಮ್ಮಲ್ಲಿ ಸಂಜೆ ಸಿಗೋದು 6 ಗಂಟೆ, ಬೆಳಗಿನ ಜಾವ 8 ಗಂಟೆ. ಪ್ರತಿಸಲ ತೊಂಬತ್ತೋ ತೊಂಬತ್ತೈದೋ ಆಗುವಷ್ಟರಲ್ಲಿ ಮತ್ತೆ ಕರೆಂಟ್ ಹೋಗುತ್ತದೆ. ಹಾಗೆ ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿ ಇಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ, ಆಮೇಲೆ ಚಾರ್ಜ್ ಮಾಡಿದರೂ ಅದು ಕರಗಲ್ಲ. ಅಷ್ಟು ಭಾಗ ಬ್ಯಾಟರಿಯ ಪಾಲಿಗೆ ಸತ್ತ ಹಾಗೆ.

ಬೇಗ ತುಂಬಬೇಕಾದರೆ ವೋಲ್ಟೇಜ್ ಏರಿಸಬೇಕು. ಆದರೆ ಬಿಸಿಯಲ್ಲಿ ವೋಲ್ಟೇಜ್ ಇಳಿಸಬೇಕು! ಸಾಮಾನ್ಯ ಲೆಕ್ಕ, 25 ಡಿಗ್ರಿ ಮೇಲಿನ ಒಂದೊಂದು ಡಿಗ್ರಿಗೂ ಒಂದು ಸೆಲ್‌ಗೆ ಸುಮಾರು 3 ಮಿಲಿವೋಲ್ಟ್ ಕಮ್ಮಿ. 24 ಸೆಲ್ ಇರೋದರಿಂದ 40 ಡಿಗ್ರಿಯಲ್ಲಿ 1 ವೋಲ್ಟ್‌ಗಿಂತ ಸ್ವಲ್ಪ ಜಾಸ್ತಿ ಇಳಿಕೆ. 54.2 ಇದ್ದದ್ದು 53.1ಕ್ಕೆ ಬರುತ್ತದೆ. ಹಾಗೆ ಇಳಿಸದಿದ್ದರೆ ನೀರು ಆರುತ್ತದೆ, ಕೆಟ್ಟ ದಿನ ಬಂದರೆ ಬ್ಯಾಟರಿ ತನ್ನ ಬಿಸಿಗೆ ತಾನೇ ಇನ್ನೂ ಕರೆಂಟ್ ಎಳೆದು ಇನ್ನೂ ಬಿಸಿಯಾಗಿ ಕೈತಪ್ಪುತ್ತದೆ. ಇಳಿಸಿದರೆ ನಿಮ್ಮ 6 ಗಂಟೆಯಲ್ಲಿ ಅದು ತುಂಬಲ್ಲ. ಅತ್ತ ದರಿ, ಇತ್ತ ಪುಲಿ. ಬಿಸಿ ಮಾತ್ರ ಇದ್ದರೆ ಲೆಡ್ ಆಸಿಡ್ ನಿಭಾಯಿಸಬಹುದು, ಚಾರ್ಜಿಂಗ್ ಸಮಯ ಮಾತ್ರ ಕಮ್ಮಿ ಇದ್ದರೂ ನಿಭಾಯಿಸಬಹುದು. ಎರಡೂ ಒಂದೇ ಕಡೆ ಸೇರಿದರೆ ಅದಕ್ಕೆ ಸರಿಯಾದ ಸೆಟ್ಟಿಂಗ್ ಅನ್ನೋದೇ ಇಲ್ಲ.

ಸಂದರ್ಭ ಬಂತು, ಹೇಳಿಬಿಡುತ್ತೇನೆ. ಹಳೇ ಬ್ಯಾಂಕ್ ಬಿಚ್ಚುವ ಮುಂಚೆ ಅದರ ಟೆಂಪರೇಚರ್ ಸೆನ್ಸರ್ ಎಲ್ಲಿದೆ ನೋಡಿ. ಸೆಲ್‌ಗೆ ಅಂಟಿಕೊಂಡಿರಬೇಕಾದದ್ದು ವೈರಿನ ತುದಿಯಲ್ಲಿ ಗಾಳಿಯಲ್ಲಿ ನೇತಾಡುತ್ತಿರೋದನ್ನ ಎಷ್ಟು ಕಡೆ ನೋಡಿದ್ದೇನೋ ಲೆಕ್ಕವಿಲ್ಲ.

ಈಗ ಲಿಥಿಯಂ. ಟವರ್‌ಗೆ ಬರೋದು ಲಿಥಿಯಂ ಐರನ್ ಫಾಸ್ಫೇಟ್, ಎಲ್‌ಎಫ್‌ಪಿ ಅಂತಾರೆ. ಬೇರೆ ಜಾತಿಯ ಲಿಥಿಯಂ ತೋರಿಸಿದರೆ ಬೇಡ ಅನ್ನಿ, ಬಿಸಿಯಲ್ಲಿ ಇದರಷ್ಟು ತಣ್ಣಗಿನ ಸ್ವಭಾವ ಅವಕ್ಕಿಲ್ಲ. ಎಲ್‌ಎಫ್‌ಪಿಯ ನಿಜವಾದ ಗುಣ ನಿಮಗೆ ಬೇಕಾದದ್ದೇ. ಅರೆಹೊಟ್ಟೆಯಲ್ಲಿ ಇದ್ದರೆ ಅದಕ್ಕೆ ತೊಂದರೆ ಇಲ್ಲ, ಸಲ್ಫೇಟಿನ ಕಾಟ ಇಲ್ಲವೇ ಇಲ್ಲ. ಹೆಚ್ಚುಕಮ್ಮಿ ತುಂಬುವ ತನಕ ಒಂದೇ ವೇಗದಲ್ಲಿ ಕುಡಿಯುತ್ತದೆ, ಕೊಟ್ಟದ್ದರಲ್ಲಿ ಬಹುಪಾಲು ವಾಪಸ್ ಕೊಡುತ್ತದೆ. ದಿನಕ್ಕೆರಡು ಸಲ ತೆಗೆದು ತುಂಬಿದರೂ ಸಾವಿರಾರು ಸಲ ತಡೆಯುತ್ತದೆ. ಅಂದರೆ ನಿಮ್ಮ ಎರಡು ಕಷ್ಟದಲ್ಲಿ ಒಂದನ್ನ, ಕಮ್ಮಿ ಸಮಯದಲ್ಲಿ ತುಂಬುವ ಕಷ್ಟವನ್ನ, ಅದು ಪೂರ್ತಿ ತೆಗೆದುಹಾಕುತ್ತದೆ.

ಇನ್ನೊಂದನ್ನ, ಬಿಸಿಯನ್ನ, ತೆಗೆಯಲ್ಲ. ಬಿಸಿಗೆ ಎಲ್‌ಎಫ್‌ಪಿ ಕೂಡ ಮುಪ್ಪಾಗುತ್ತದೆ, ಲೆಡ್ ಆಸಿಡ್‌ನಷ್ಟು ಬೇಗ ಅಲ್ಲ ಅಷ್ಟೆ. ಪೂರ್ತಿ ತುಂಬಿಕೊಂಡು 45 ಡಿಗ್ರಿಯಲ್ಲಿ ಕೂತಿರೋದು ಅದಕ್ಕೆ ಆಗಿಬರದ ಸ್ಥಿತಿ, ಏನೂ ಕೆಲಸ ಮಾಡದೆ ಸುಮ್ನೆ ಕೂತಿದ್ದರೂ ಸಾಮರ್ಥ್ಯ ಕರಗುತ್ತಾ ಹೋಗುತ್ತದೆ. ಅದು ಮೆಲ್ಲಗೆ ಆಗುವ ನಷ್ಟ. ಥಟ್ಟನೆ ಆಗುವುದು ಇನ್ನೊಂದಿದೆ.

ಲಿಥಿಯಂ ಮಾಡ್ಯೂಲ್ ಒಳಗೆ ಬಿಎಂಎಸ್ ಅನ್ನೋ ಒಂದು ಕಾವಲುಗಾರ ಬೋರ್ಡ್ ಇರುತ್ತದೆ. ಸೆಲ್ ಬಿಸಿ ಒಂದು ಮಿತಿ ದಾಟಿದರೆ ಅದು ಚಾರ್ಜಿಂಗ್ ನಿಲ್ಲಿಸಿಬಿಡುತ್ತದೆ. ಮಿತಿ ತಯಾರಕರ ಮೇಲೆ ಹೋಗುತ್ತದೆ, ಸಾಮಾನ್ಯವಾಗಿ 45ರಿಂದ 60ರ ನಡುವೆ ಎಲ್ಲೋ ಇರುತ್ತದೆ. ಡಿಸ್ಚಾರ್ಜ್‌ಗೆ ಮಿತಿ ಅದಕ್ಕಿಂತ ಮೇಲೆ. ನಿಮ್ಮ ಕರೆಂಟ್ ವಾಪಸ್ ಬರೋದು ಎಷ್ಟು ಹೊತ್ತಿಗೆ? ಸಂಜೆ 4. ಕ್ಯಾಬಿನೆಟ್ ಆಗ ದಿನದಲ್ಲೇ ಅತಿ ಬಿಸಿ. ರೆಕ್ಟಿಫೈಯರ್ ಕೂಡ ಪೂರ್ತಿ ದಮ್ಮಿನಲ್ಲಿ ಓಡಿ ತನ್ನ ಬಿಸಿ ಸೇರಿಸುತ್ತದೆ. ಸರಿಯಾಗಿ ತುಂಬಬೇಕಾದ ಹೊತ್ತಿಗೇ ಬಾಗಿಲು ಮುಚ್ಚಿದ ಹಾಗೆ.

ಇದು ನನಗೇ ಆಗಿದೆ. ಕೆಲವು ವರ್ಷದ ಹಿಂದೆ ಒಂದು ಸೈಟಿನಲ್ಲಿ ಹಳೇ ಲೆಡ್ ಆಸಿಡ್ ತೆಗೆದು ಲಿಥಿಯಂ ಹಾಕಿಸಿದೆ, ಜಾಗ ಉಳಿಯಿತು ಅಂತ ಖುಷಿಯಲ್ಲಿ ಮಾಡ್ಯೂಲ್‌ಗಳನ್ನ ರೆಕ್ಟಿಫೈಯರ್‌ನ ಮೇಲಿನ ಖಾನೆಯಲ್ಲೇ ಕೂರಿಸಿದೆ. ಚಳಿಗಾಲದಲ್ಲಿ ಚೆನ್ನಾಗಿತ್ತು. ಬೇಸಿಗೆ ಶುರುವಾದ ಮೇಲೆ ಪ್ರತಿ ರಾತ್ರಿ ಸೈಟ್ ಡೌನ್. ಎರಡು ಸಲ ಹೋಗಿ ನೋಡಿದೆವು, ಹಗಲು ಹೊತ್ತಿನಲ್ಲಿ ಸೆಲ್ ವೋಲ್ಟೇಜ್ ಎಲ್ಲ ಸರಿ, ಬ್ಯಾಟರಿ ಚೆನ್ನಾಗೇ ಇದೆ. ಮೂರನೇ ಸಲ ಬಿಎಂಎಸ್ ಲಾಗ್ ತೆಗೆದಾಗ ಗೊತ್ತಾಯಿತು, ಕರೆಂಟ್ ಬಂದ ಮೇಲೆ ನಾಲ್ಕು ಗಂಟೆ ಕಾಲ ಚಾರ್ಜ್ ಓವರ್ ಟೆಂಪರೇಚರ್ ಅಂತ ನಿಂತಿತ್ತು. ಕತ್ತಲಾಗಿ ತಣ್ಣಗಾಗಿ ಚಾರ್ಜ್ ಶುರು ಮಾಡುವಷ್ಟರಲ್ಲಿ ರಾತ್ರಿಯ ಕಟ್ ಬರುತ್ತಿತ್ತು. ಆ ಅಲಾರಂ ಕಂಟ್ರೋಲ್ ರೂಮಿಗೆ ಹೋಗುವ ವೈರನ್ನೇ ಯಾರೂ ಜೋಡಿಸಿರಲಿಲ್ಲ, ನಾನೂ ಕೇಳಿರಲಿಲ್ಲ. ಮಾಡ್ಯೂಲ್‌ಗಳನ್ನ ಕೆಳಗಿನ ಖಾನೆಗೆ ಇಳಿಸಿ ನಡುವೆ ಒಂದು ತಗಡಿನ ತಡೆ ಹಾಕಿದೆವು, ತೊಂದರೆ ನಿಂತಿತು.

ಹಾಗಾಗಿ ನಿಮ್ಮ ಲೆಕ್ಕ ಮಾಡುವಾಗ ತಂಪಿನ ವ್ಯವಸ್ಥೆಯನ್ನೂ ಸೇರಿಸಿಯೇ ಮಾಡೋಣ. ಇಡೀ ಕ್ಯಾಬಿನೆಟ್ ತಣ್ಣಗೆ ಮಾಡುವ ಹುಚ್ಚು ಬೇಡ, ರೇಡಿಯೋ, ರೆಕ್ಟಿಫೈಯರ್ ಎಲ್ಲ 45-50 ಡಿಗ್ರಿಗೆ ಹೆದರುವವಲ್ಲ. ಬ್ಯಾಟರಿಗೆ ಮಾತ್ರ ಪ್ರತ್ಯೇಕ ಖಾನೆ, ಸುತ್ತ ಇನ್ಸುಲೇಷನ್, ಅದಕ್ಕೊಂದು 48 ವೋಲ್ಟಿನಲ್ಲೇ ಓಡುವ ಪುಟ್ಟ ಕೂಲರ್, ಗುರಿ 30-32 ಡಿಗ್ರಿ. ಇದಕ್ಕೂ ಮೊದಲು ಕ್ಯಾಬಿನೆಟ್ ಮೇಲೆ ನಾಲ್ಕು ಬೆರಳು ಅಂತರ ಬಿಟ್ಟು ಇನ್ನೊಂದು ತಗಡು, ಬಿಸಿಲು ಬೀಳುವ ಪಕ್ಕಕ್ಕೂ ಒಂದು. ಕರೆಂಟ್ ತಿನ್ನದ ಈ ನೆರಳು ಮೊದಲು ಆಗಲಿ, ಕೂಲರ್ ಆಮೇಲೆ. ಕೂಲರ್ 200 ವ್ಯಾಟಿನದು ಅಂದುಕೊಳ್ಳಿ, ಓಡುವಾಗ ಸುಮಾರು 4 ಆಂಪಿಯರ್. ಕರೆಂಟ್ ಇರುವಾಗ ಮಾತ್ರ ಓಡಿಸೋಣ ಅನ್ನಬೇಡಿ, ನಿಮ್ಮ ಬಿಸಿಯ ಹೊತ್ತೂ ಕರೆಂಟ್ ಇಲ್ಲದ ಹೊತ್ತೂ ಒಂದೇ. ಅರ್ಧ ಸಮಯ ಓಡಿ ಅರ್ಧ ಸಮಯ ನಿಂತರೆ 6 ಗಂಟೆಗೆ 12 ಎಎಚ್.

ಅತಿ ಉದ್ದದ ಕಟ್ 6 ಗಂಟೆ. 30 ಆಂಪಿಯರ್‌ನಂತೆ 180, ಕೂಲರ್‌ನ 12 ಸೇರಿ 192 ಎಎಚ್. ಲಿಥಿಯಂನಲ್ಲಿ 80 ಶೇಕಡಾ ಮಾತ್ರ ಬಳಸೋಣ, ಆಗ 240 ಬೇಕು. ಬ್ಯಾಟರಿ ಹಳತಾಗಿ 80 ಶೇಕಡಾಕ್ಕೆ ಇಳಿದ ದಿನವೂ ಇದು ನಡೆಯಬೇಕು, ಆಗ 240 ಭಾಗಿಸು 0.8, ಅಂದರೆ 300 ಎಎಚ್. 100ರ ಮೂರು ಮಾಡ್ಯೂಲ್. ಮಾರುವವರ 200 ಎಎಚ್‌ನಲ್ಲಿ ಮೊದಲ ದಿನವೇ 192 ತೆಗೆಯುತ್ತೀರಿ, ಅಂದರೆ 96 ಶೇಕಡಾ, ತಳ ಕೆರೆದ ಹಾಗೆ. ಸ್ವಲ್ಪ ಹಳತಾದರೂ ಮಧ್ಯಾಹ್ನ 3 ಗಂಟೆ ಹೊತ್ತಿಗೆ ಸೈಟ್ ಮಲಗುತ್ತದೆ. ಇನ್ನೊಂದು ಮಾತು. ಎರಡೇ ಮಾಡ್ಯೂಲ್ ಇದ್ದು ಒಂದು ಕೈಕೊಟ್ಟರೆ ಬ್ಯಾಕಪ್ 3 ಗಂಟೆಗೆ ಬರುತ್ತದೆ. ಮೂರರಲ್ಲಿ ಒಂದು ಹೋದರೆ ಹೊಸದಿರುವಾಗ ಹೇಗೋ ದಡ ಮುಟ್ಟುತ್ತದೆ. ಗುಡ್ಡ ಹತ್ತಿ ಬರಲು ಒಂದು ದಿನ ಸಿಗುತ್ತದಲ್ಲ, ಅದೇ ದೊಡ್ಡದು.

ತುಂಬುವ ಲೆಕ್ಕ ನೋಡಿ. ಎರಡು ರೆಕ್ಟಿಫೈಯರ್ ಮಾಡ್ಯೂಲ್ ಸೇರಿ 54 ವೋಲ್ಟಿನಲ್ಲಿ 74 ಆಂಪಿಯರ್ ಕೊಡಬಹುದು. ಆ ವೋಲ್ಟೇಜಿನಲ್ಲಿ ನಿಮ್ಮ ಲೋಡ್ 27ರಷ್ಟು ಆಗುತ್ತದೆ, ವೋಲ್ಟೇಜ್ ಏರಿದರೆ ಟೆಲಿಕಾಂ ಲೋಡ್ ಎಳೆಯುವ ಆಂಪಿಯರ್ ಇಳಿಯುತ್ತದೆ. ಬ್ಯಾಟರಿಗೆ ಉಳಿಯೋದು 45ರ ಆಸುಪಾಸು. 192 ಎಎಚ್ ತುಂಬಲು ನಾಲ್ಕೂಕಾಲು, ನಾಲ್ಕೂವರೆ ಗಂಟೆ. ನಿಮಗೆ ಸಿಗೋದು 6. ಸಾಕು. ಆದರೆ ಎರಡರಲ್ಲಿ ಒಂದು ಮಾಡ್ಯೂಲ್ ಸುಟ್ಟರೆ ಬ್ಯಾಟರಿಗೆ ಬರೀ 10 ಆಂಪಿಯರ್ ಉಳಿಯುತ್ತದೆ, ಆಗ ಯಾವ ಬ್ಯಾಟರಿ ಇದ್ದರೂ ಒಂದೇ. ಮೂರನೇ ರೆಕ್ಟಿಫೈಯರ್ ಮಾಡ್ಯೂಲ್ ಹಾಕಿಸಿಕೊಳ್ಳಿ, ಆದರೆ ಚಾರ್ಜಿಂಗ್ ಮಿತಿ 60 ಆಂಪಿಯರ್‌ಗೇ ನಿಲ್ಲಿಸಿ. ಜೋರಾಗಿ ತುಂಬಿದಷ್ಟೂ ಸೆಲ್ ಒಳಗಿಂದ ಬಿಸಿಯಾಗುತ್ತದೆ.

ಲೆಡ್ ಆಸಿಡ್‌ನಲ್ಲೇ ಮುಂದುವರಿಯಬೇಕು ಅಂದರೆ ದಾರಿ ಇಲ್ಲ ಅಂತಲ್ಲ. ಟ್ಯುಬುಲರ್ ಜೆಲ್ ಅನ್ನೋ ಜಾತಿ ಸಿಗುತ್ತದೆ, ದಿನಾ ತೆಗೆದು ತುಂಬೋದಕ್ಕೆ ಅದು ನಿಮ್ಮ ಹಳೇದಕ್ಕಿಂತ ಎಷ್ಟೋ ಮೇಲು, ಬಿಸಿಯನ್ನೂ ಸ್ವಲ್ಪ ಜಾಸ್ತಿ ತಡೆಯುತ್ತದೆ. ಆದರೆ ಅದಕ್ಕೂ ಕೂಲರ್ ಬೇಕು, ವಾರಕ್ಕೊಮ್ಮೆಯಾದರೂ ಪೂರ್ತಿ ತುಂಬುವಷ್ಟು ಉದ್ದ ಕರೆಂಟ್ ಬೇಕು. ಅದು ನಿಮ್ಮ ಕೈಯಲ್ಲಿಲ್ಲ. ಜನರೇಟರ್ ಇದ್ದರೆ ಅದರಿಂದ ತುಂಬಬಹುದು, ಆಗ ಡೀಸೆಲ್ ಹೊರುವ ಲೆಕ್ಕ ಬೇರೆ. ಮತ್ತೆ ಲೆಡ್ ಆಸಿಡ್ ಇರುವ ಖಾನೆಯನ್ನ ತಂಪಿಗೆ ಅಂತ ಪೂರ್ತಿ ಮುಚ್ಚುವ ಹಾಗಿಲ್ಲ, ಹೈಡ್ರೋಜನ್ ಹೊರಗೆ ಹೋಗಲು ದಾರಿ ಇರಲೇಬೇಕು. ನಿಮ್ಮಲ್ಲಿ ಕರೆಂಟ್ ವಾರಕ್ಕೊಮ್ಮೆ ಹೋಗುವಂತಿದ್ದರೆ ನಾನು ಕಣ್ಣುಮುಚ್ಚಿ ಲೆಡ್ ಆಸಿಡ್ ಅನ್ನುತ್ತಿದ್ದೆ. ಎಲೆಕ್ಟ್ರಾನಿಕ್ಸ್ ಇಲ್ಲ, ಒಂದು ಸೆಲ್ ಕೆಟ್ಟರೆ ಅದನ್ನ ಬಿಟ್ಟು ವೋಲ್ಟೇಜ್ ಸರಿಪಡಿಸಿ ಕೆಲವು ದಿನ ತಳ್ಳಬಹುದು. ಲಿಥಿಯಂನಲ್ಲಿ ಬೋರ್ಡ್ ಸತ್ತರೆ ಚೆನ್ನಾಗಿರುವ ಸೆಲ್ ಇದ್ದೂ ಪ್ರಯೋಜನ ಇಲ್ಲ, ಇಡೀ ಮಾಡ್ಯೂಲ್ ಕೆಳಗೆ ಇಳಿಸಬೇಕು. ಪುಣ್ಯಕ್ಕೆ ಒಂದು 40-45 ಕಿಲೋ ಅಷ್ಟೆ, ಇಬ್ಬರು ಹೊರಬಹುದು. ಕಳ್ಳರೂ ಹೊರಬಹುದು, ಅದೊಂದು ನೆನಪಿಟ್ಟುಕೊಂಡು ಬೀಗ ಹಾಕಿಸಿ.

ಹಳೇದರ ಪಕ್ಕದಲ್ಲೇ ಲಿಥಿಯಂ ಜೋಡಿಸಿ ಎರಡನ್ನೂ ಒಟ್ಟಿಗೆ ಓಡಿಸೋಣ ಅನ್ನುವವರೂ ಸಿಗುತ್ತಾರೆ. ನಡುವೆ ಅದಕ್ಕೆಂದೇ ಮಾಡಿದ ಕಂಟ್ರೋಲರ್ ಇಲ್ಲದೆ ನೇರ ಒಂದೇ ಬಸ್‌ಬಾರ್‌ಗೆ ಕಟ್ಟೋದು ಬೇಡ. ಎರಡರ ಚಾರ್ಜಿಂಗ್ ವೋಲ್ಟೇಜ್ ಬೇರೆ, ಇಳಿಯುವ ರೀತಿ ಬೇರೆ, ಒಂದಕ್ಕೆ ಸರಿಮಾಡಿದರೆ ಇನ್ನೊಂದು ಹಾಳು.

ಕೊಳ್ಳುವಾಗ ಮೂರು ವಿಷಯ ಬರಹದಲ್ಲಿ ಕೇಳಿ. ಚಾರ್ಜಿಂಗ್ ಎಷ್ಟು ಡಿಗ್ರಿಗೆ ನಿಲ್ಲುತ್ತದೆ. ವಾರಂಟಿ ಯಾವ ಸರಾಸರಿ ಡಿಗ್ರಿಗೆ. ಸೆಲ್‌ಗಳು ಐಇಸಿ 62619 ಸುರಕ್ಷತಾ ಪರೀಕ್ಷೆ ದಾಟಿವೆಯಾ. ಎರಡನೆಯದನ್ನ ಹಗುರ ಮಾಡಬೇಡಿ. ಬಿಎಂಎಸ್ ಪ್ರತಿದಿನದ ಬಿಸಿ ಬರೆದಿಟ್ಟುಕೊಳ್ಳುತ್ತದೆ, ನಾಳೆ ನೀವು ವಾರಂಟಿ ಕೇಳಿದರೆ ಅದೇ ಲಾಗ್ ನಿಮ್ಮ ಮುಂದೆ ಹಿಡಿಯುತ್ತಾರೆ.

ಹಾಕಿದ ಮೇಲೆ ರೆಕ್ಟಿಫೈಯರ್‌ನಲ್ಲಿ ಹಳೇ ಸೆಟ್ಟಿಂಗ್ ಹಾಗೇ ಬಿಡೋದು ಎಲ್ಲರೂ ಮಾಡುವ ತಪ್ಪು. ವೋಲ್ಟೇಜ್ ಏರಿಸಿ ತುಂಬುವ ಬೂಸ್ಟ್ ಚಾರ್ಜ್ ಆಫ್, ಬಿಸಿಗೆ ತಕ್ಕಂತೆ ವೋಲ್ಟೇಜ್ ಇಳಿಸುವ ಟೆಂಪರೇಚರ್ ಕಾಂಪೆನ್ಸೇಷನ್ ಆಫ್. ಚಾರ್ಜಿಂಗ್ ವೋಲ್ಟೇಜ್ ಮಾಡ್ಯೂಲ್ ಒಳಗೆ 15 ಸೆಲ್ ಇವೆಯಾ 16 ಇವೆಯಾ ಅನ್ನೋದರ ಮೇಲೆ, ತಯಾರಕರು ಹೇಳಿದ್ದನ್ನೇ ಇಡಿ. ಲೋಡ್ ಕಡಿಯುವ ವೋಲ್ಟೇಜನ್ನ ಸೆಲ್‌ಗೆ 3 ವೋಲ್ಟ್ ಹಿಡಿದು ಇಡಿ, ಅಂದರೆ 15 ಸೆಲ್ ಇದ್ದರೆ 45, 16 ಇದ್ದರೆ 48. ಲೆಡ್ ಆಸಿಡ್ ಕಾಲದ 43.2 ಹಾಗೇ ಇದ್ದರೆ 16 ಸೆಲ್‌ನದರಲ್ಲಿ ರೆಕ್ಟಿಫೈಯರ್ ಲೋಡ್ ಬಿಡುವ ಮುಂಚೆ ಬಿಎಂಎಸ್ಸೇ ಕತ್ತರಿಸಬಹುದು. ಆಗ ಕಂಟ್ರೋಲರ್ ಸಮೇತ ಎಲ್ಲ ಕತ್ತಲು, ದೂರದಿಂದ ಏನಾಗಿದೆ ಅಂತಲೂ ಗೊತ್ತಾಗಲ್ಲ.

ಮತ್ತೆ ಮೊದಲ ವಾರದಲ್ಲಿ ಒಂದು ದಿನ, ಸಂಜೆ 4ಕ್ಕೆ ನೀವೇ ಅಲ್ಲಿರಿ. ಕರೆಂಟ್ ಬಂದು ಹತ್ತು ನಿಮಿಷ ಆದ ಮೇಲೆ ಕ್ಲಾಂಪ್ ಮೀಟರ್ ಹಿಡಿದು ಮೂರೂ ಮಾಡ್ಯೂಲ್‌ನ ಕೇಬಲ್ ಒಂದೊಂದಾಗಿ ನೋಡಿ. ರೆಕ್ಟಿಫೈಯರ್ ಎರಡೇ ಮಾಡ್ಯೂಲ್‌ನದಾದರೆ ಒಂದೊಂದಕ್ಕೆ 15ರ ಹತ್ತಿರ, ಮೂರಿದ್ದರೆ 20ರ ಹತ್ತಿರ ಹೋಗುತ್ತಿರಬೇಕು. ಯಾವುದಾದರೂ ಒಂದರಲ್ಲಿ ಸೊನ್ನೆ ತೋರಿಸಿದರೆ ಅದರ ಬಿಎಂಎಸ್ ಬಾಗಿಲು ಹಾಕಿದೆ ಅಂತ ಅರ್ಥ, ಲಾಗ್ ತೆಗೆದು ಬಿಸಿಯ ಅಲಾರಂ ಇದೆಯಾ ನೋಡಿ.